ಗಡಿಯಾರ ನಿಲ್ಲಿಸಿ ಕೊಡಿ

ನನ್ನ ತಂಗಿಗೆ ನಲವತ್ತು ಹತ್ತಿರ ಬಂದಿದೆ. ಆದರೂ ಮನೆಯಲ್ಲಿ ಅವಳು ಪಾಪಚ್ಚಿಯೇ. ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ರೋಗಿಗಳ ರಕ್ತ, ಮೂತ್ರ, ಕಫ ಎಲ್ಲವೂ ಅವಳ ಮೇಜಿಗೆ ಬಂದೇ ಮುಂದೆ ಹೋಗಬೇಕು. ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕೂತರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಕತ್ತೆತ್ತುವುದಿಲ್ಲ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಊಟಕ್ಕೆ ಕೂತಾಗಲೂ ರಕ್ತಕಣಗಳ ಕಥೆ ಹೇಳಲು ಹೊರಟು ನನ್ನ ಕೈಲಿ ಬೈಸಿಕೊಳ್ಳುತ್ತಾಳೆ.

ಲ್ಯಾಬಿನಲ್ಲಿ ಅವಳ ಬಗ್ಗೆ ಒಂದು ಗುಸುಗುಸು ಇತ್ತು. ದಿನಕ್ಕೆ ಹತ್ತಾರು ಸಲ "ಫೋನ್ ಬಂತು" ಎಂದು ಎದ್ದು ಹೋಗುತ್ತಾಳೆ, ಹೋದವಳು ಬೇಗ ಬರುವುದಿಲ್ಲ, ಬಂದಾಗ ಮುಖ ಬಿಳಿಚಿಕೊಂಡಿರುತ್ತದೆ. ಇಷ್ಟು ಸಾಕಲ್ಲ ಜನಕ್ಕೆ? ಯಾರೋ ಇದ್ದಾನೆ ಎಂದು ತೀರ್ಮಾನ ಮಾಡಿಬಿಟ್ಟರು. ಅದು ನನ್ನ ಕಿವಿಗೂ ಬಿತ್ತು. ನಾನು ಕುದಿಯುತ್ತಾ ಬಂದು ಅವಳಿಗೆ ಹೇಳಿದರೆ ಅವಳು ನಕ್ಕಳು.

"ಹಾಗೇ ಅಂದ್ಕೊಳ್ಳಲಿ ಬಿಡಕ್ಕ. ನಿಜ ಗೊತ್ತಾಗೋದಕ್ಕಿಂತ ಅದೇ ವಾಸಿ."

ನಿಜ ಏನೆಂದರೆ ಅವಳ ದೊಡ್ಡ ಕರುಳಿನ ಒಳಮೈಯಲ್ಲಿ ಹುಣ್ಣುಗಳಾಗಿವೆ. ಒಂದೆರಡು ವಾರದ ಕಾಯಿಲೆಯಲ್ಲ, ವರ್ಷಗಟ್ಟಲೆ ಜೊತೆಗಿರುವಂಥದು. ಸುಮ್ಮನಿದ್ದಾಗ ಸುಮ್ಮನಿರುತ್ತದೆ, ಕೆರಳಿದಾಗ ಹೊಟ್ಟೆ ಹಿಂಡಿ, ಆ ಕ್ಷಣವೇ ಓಡಬೇಕು. ಐದು ನಿಮಿಷ ತಡೆದುಕೋ ಎಂದರೆ ಆಗುವುದಿಲ್ಲ. ಕೆಲವೊಮ್ಮೆ ರಕ್ತವೂ ಹೋಗುತ್ತದೆ. ಯಾವ ಕಟ್ಟಡಕ್ಕೆ ಕಾಲಿಟ್ಟರೂ ಅವಳ ಕಣ್ಣು ಮೊದಲು ಹುಡುಕುವುದು ಶೌಚಾಲಯ ಯಾವ ಕಡೆ ಎಂಬುದನ್ನೇ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಅವಳ ಗಂಡನಿಗೆ, ನನಗೆ, ಅವಳ ಡಾಕ್ಟರಿಗೆ ಬಿಟ್ಟು ಈ ವಿಷಯ ಇನ್ಯಾರಿಗೂ ಗೊತ್ತಿರಲಿಲ್ಲ. ಬೇರೆಯವರ ಮಲದ ಡಬ್ಬಿಯನ್ನು ಮೂಗು ಮುರಿಯದೆ ಬಿಚ್ಚುವವಳಿಗೆ ತನ್ನ ಹೊಟ್ಟೆಯ ಮಾತೆತ್ತಲು ಮಾತ್ರ ನಾಚಿಕೆ.

ಹೀಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಆಸ್ಪತ್ರೆಯ ಆಡಳಿತ ಹೊಸ ನಿಯಮ ತಂದಿತು. ಪ್ರಮಾಣಪತ್ರದ ಪರೀಕ್ಷೆ ಪಾಸಾದವರು ಮಾತ್ರ ಸ್ಯಾಂಪಲ್ ನೋಡುವ ಮೇಜಿನಲ್ಲಿ ಕೂರಬಹುದು, ಉಳಿದವರು ವರ್ಷದ ಕೊನೆಗೆ ಕೆಳಗಿನ ಕೌಂಟರಿಗೆ, ಡಬ್ಬಿಗೆ ಚೀಟಿ ಅಂಟಿಸಿ ಮೇಲೆ ಕಳಿಸುವ ಕೆಲಸಕ್ಕೆ. ಸಂಬಳ ಅಷ್ಟೇ ಇರುತ್ತದೆ, ಮೈಕ್ರೋಸ್ಕೋಪು ಇರುವುದಿಲ್ಲ.

ಪಾಪಚ್ಚಿ ಪರೀಕ್ಷೆಗೆ ಕಟ್ಟಿದಳು, ಓದಿದಳು, ಬರೆದಳು, ಫೇಲಾದಳು. ಸ್ವಲ್ಪದರಲ್ಲೇ ಹೋಯಿತು. ನನ್ನ ಮನೆಗೆ ಬಂದು ಚಪ್ಪಲಿ ಬಿಡುತ್ತಾ "ಕಷ್ಟ ಇತ್ತು" ಎಂದಳು, ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಅದೇ ರಾಗ. "ನಂಗೆ ತಲೆ ಇಲ್ಲಕ್ಕ. ಇಷ್ಟು ವರ್ಷ ಕೈ ಅಭ್ಯಾಸದ ಮೇಲೆ ನಡೀತಿತ್ತು ಅಷ್ಟೇ." ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅವಳ ಮಾತು ನಂಬಿದೆ. ಪರೀಕ್ಷೆ ಎಂದರೆ ಯಾರಿಗೂ ಬೇಡ ಎಂದುಕೊಂಡೆ.

ಎರಡನೆಯ ಸಲ ಕಟ್ಟುವ ಹೊತ್ತಿಗೆ ನಿಜ ಹೊರಬಂತು. ಒಂದು ಭಾನುವಾರ ಅವಳ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದೆವು. ಪರೀಕ್ಷೆ ಎಂಬ ಮಾತು ಬಂದದ್ದೇ ತಡ, ಎದ್ದು ಓಡಿದಳು. ವಾಪಸು ಬಂದು ಕೂತಾಗ ನಾನು ಕೇಳಿದೆ.

"ಹೋದ ಸಲ ಪರೀಕ್ಷೇಲೂ ಹೀಗೇ ಆಯ್ತಾ?"

ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಎಷ್ಟು ಸಲ ಎದ್ದು ಹೋದೆ?"

"ಲೆಕ್ಕ ಇಟ್ಟಿಲ್ಲ. ಕೈ ಎತ್ಬೇಕು, ಅವ್ರು ಬರ್ಬೇಕು, ಹೊರಗೆ ಬಂದು ಸಹಿ ಹಾಕ್ಬೇಕು. ವಾಪಸ್ ಬಂದಾಗ ಜೇಬು ತೋರ್ಸು, ತೋಳು ಮಡಚಿ ತೋರ್ಸು, ಕನ್ನಡಕ ಬಿಚ್ಚಿ ತೋರ್ಸು, ಮತ್ತೆ ಬೆರಳಚ್ಚು. ಅಷ್ಟೂ ಹೊತ್ತು ಸ್ಕ್ರೀನಲ್ಲಿ ಟೈಮು ಓಡ್ತಾನೇ ಇರತ್ತೆ. ಕೊನೇಲಿ ಒಂದಷ್ಟು ಪ್ರಶ್ನೆ ಓದೋಕೇ ಆಗ್ಲಿಲ್ಲ."

ಓದಲಿಕ್ಕೇ ಆಗದ ಪ್ರಶ್ನೆಗಳಿಗೆ ಇವಳು ತನ್ನ ತಲೆಯನ್ನು ದೂರುತ್ತಿದ್ದಾಳೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ವಿಮಾ ಕಂಪನಿಯಲ್ಲಿ ಕ್ಲೈಮುಗಳನ್ನು ನೋಡುವವಳು. ನಿಯಮದ ಪುಸ್ತಕವನ್ನು ಕೊನೆಯ ಪುಟದವರೆಗೆ ಓದದವರನ್ನು ಕಂಡರೆ ನನಗಾಗುವುದಿಲ್ಲ. ಅಲ್ಲೇ ಕೂತು ಅವಳ ಫೋನಿನಲ್ಲಿ ಪರೀಕ್ಷಾ ಮಂಡಳಿಯ ಕೈಪಿಡಿ ತೆಗೆದೆ. ಎಲ್ಲರೂ ದಾಟಿಕೊಂಡು ಹೋಗುವ ಒಂದು ಅಧ್ಯಾಯದಲ್ಲಿ ಇತ್ತು: ಅಂಗವೈಕಲ್ಯ ಅಥವಾ ಆರೋಗ್ಯದ ತೊಂದರೆ ಇರುವವರಿಗೆ ವಿಶೇಷ ವ್ಯವಸ್ಥೆ. ಪರೀಕ್ಷೆಯ ದಿನ ಹೋಗಿ ಕೇಳಿದರೆ ಕೊಡುವುದಿಲ್ಲ. ದಿನ ಗೊತ್ತುಮಾಡುವ ಮೊದಲೇ ಅರ್ಜಿ ಹಾಕಬೇಕು, ಚಿಕಿತ್ಸೆ ಕೊಡುವ ಡಾಕ್ಟರ ಪತ್ರ ಲಗತ್ತಿಸಬೇಕು. ಕಾಯಿಲೆಯ ಹೆಸರಷ್ಟೇ ಸಾಲದು. ಅದರಿಂದ ಪರೀಕ್ಷೆ ಬರೆಯಲು ಏನು ಅಡ್ಡಿ, ಅದಕ್ಕೆ ಯಾವ ವ್ಯವಸ್ಥೆ ಬೇಕು, ಯಾಕೆ ಬೇಕು, ಇಷ್ಟೂ ಇರಬೇಕು.

"ಅದು ಅಂಗವಿಕಲರಿಗೆ ಕಣಕ್ಕ. ನಂಗೇನಾಗಿದೆ? ಕೈ ಇದೆ, ಕಾಲಿದೆ, ಕಣ್ಣಿದೆ."

"ಕರುಳು?"

"ನೀನೊಬ್ಳು! ಒಂದು ಹೊಟ್ಟೆನೋವಿಗೆ ಇಷ್ಟೆಲ್ಲಾ..."

"ಹೊಟ್ಟೆನೋವಂತೆ! ಓದು ಇಲ್ಲಿ. ದೀರ್ಘಕಾಲದ ಕಾಯಿಲೆಗಳೂ ಸೇರತ್ತೆ ಅಂತ ಬರ್ದಿದ್ದಾರೆ."

"ಆಮೇಲೆ ಪಾಸಾದ್ರೂ ರಿಯಾಯಿತಿಯಲ್ಲಿ ಪಾಸಾದ್ಳು ಅಂತಾರೆ. ಲ್ಯಾಬಿಗೆ ಗೊತ್ತಾಗತ್ತೆ."

ಅದಕ್ಕೂ ಉತ್ತರ ಕೈಪಿಡಿಯಲ್ಲೇ ಇತ್ತು. ಪ್ರಮಾಣಪತ್ರದಲ್ಲಿ ವ್ಯವಸ್ಥೆಯ ಸುದ್ದಿ ಇರುವುದಿಲ್ಲ, ಕೆಲಸ ಕೊಟ್ಟವರಿಗೆ ಮಂಡಳಿ ಹೇಳುವುದಿಲ್ಲ, ಪಾಸಾಗಲು ಎಲ್ಲರಿಗೂ ಒಂದೇ ಅಂಕ. ಓದಿ ಹೇಳಿದೆ. ಕೊನೆಗೆ ನನ್ನ ಕಾಟ ತಡೆಯಲಾರದೆ "ಆಯ್ತು ಮಾರಾಯ್ತಿ, ಹಾಕ್ತೀನಿ" ಎಂದಳು. ವರ್ಷದ ಕೊನೆಯೊಳಗೆ ಬರೆಯಲು ಅವಳಿಗೆ ಉಳಿದಿದ್ದು ಒಂದೇ ಅವಕಾಶ. ಅದೂ ಕೈತಪ್ಪಿದರೆ ಕೆಳಗಿನ ಕೌಂಟರ್ ಖಾಯಂ.

ಹಾಕಿದಳು. ಆದರೆ ನನಗೆ ತೋರಿಸದೆ ಹಾಕಿದಳು. ಮಂಡಳಿಯಿಂದ ಉತ್ತರ ಬಂದಾಗ ನಾನು ಆಫೀಸಿನಲ್ಲಿದ್ದೆ. ಫೋನಿನಲ್ಲಿ ಅವಳ ದನಿ ಸತ್ತೇಹೋಗಿತ್ತು. ನಿಮ್ಮ ಕೋರಿಕೆಯನ್ನು ಈಗಿರುವ ದಾಖಲೆಗಳ ಮೇಲೆ ಒಪ್ಪಲು ಸಾಧ್ಯವಿಲ್ಲ, ಪರೀಕ್ಷೆ ಬರೆಯಲು ಸದ್ಯ ಯಾವ ಅಡ್ಡಿಯಿದೆ ಎಂಬುದು ಅವುಗಳಿಂದ ತಿಳಿಯುವುದಿಲ್ಲ, ಹೆಚ್ಚಿನ ದಾಖಲೆಗಳಿದ್ದರೆ ಮುಂದಿನ ವಾರದ ಕೊನೆಯೊಳಗೆ ಕಳಿಸಿ ಎಂದಿತ್ತು.

"ಡಾಕ್ಟ್ರು ಏನು ಬರ್ಕೊಟ್ರು? ಓದು."

ಅವಳು ಓದಿದಳು. ನಾನು ಹಣೆ ಚಚ್ಚಿಕೊಂಡೆ. ಈಕೆ ಹಲವು ವರ್ಷಗಳಿಂದ ನನ್ನ ಬಳಿ ಚಿಕಿತ್ಸೆ ಪಡೆಯುತ್ತಿದ್ದಾರೆ, ಕಾಯಿಲೆ ಸಂಪೂರ್ಣ ಹತೋಟಿಯಲ್ಲಿದೆ, ದೈನಂದಿನ ಕೆಲಸಗಳಿಗೆ ಯಾವುದೇ ತೊಂದರೆಯಿಲ್ಲ, ಆರೋಗ್ಯವಾಗಿದ್ದಾರೆ, ಸಾಧ್ಯವಾದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಬಹುದು. ಇಂಥ ಪತ್ರ ನನ್ನ ಮೇಜಿಗೆ ಬಂದಿದ್ದರೆ ನಾನೂ ಆ ಕ್ಷಣವೇ ತಿರಸ್ಕರಿಸುತ್ತಿದ್ದೆ. ಆರೋಗ್ಯವಾಗಿರುವವರಿಗೆ ಯಾರಮ್ಮಾ ವಿಶೇಷ ವ್ಯವಸ್ಥೆ ಮಾಡುತ್ತಾರೆ?

ಹೀಗೆ ಬರೆದದ್ದು ಡಾಕ್ಟರ ತಪ್ಪೊಂದೇ ಅಲ್ಲ. ಆಸ್ಪತ್ರೆಯ ಕೆಲಸಕ್ಕೆ ಪ್ರತಿವರ್ಷ ಆರೋಗ್ಯದ ಸರ್ಟಿಫಿಕೇಟು ಕೊಡಬೇಕು. ಪ್ರತಿವರ್ಷವೂ ಇವಳು ಅವರೆದುರು ಕೂತು "ಚೆನ್ನಾಗಿ ಬರ್ಕೊಡಿ ಡಾಕ್ಟ್ರೇ" ಎಂದು ಬೆಣ್ಣೆ ಹಚ್ಚುತ್ತಿದ್ದಳು. ಅವರು ಚೆನ್ನಾಗಿ ಬರೆದುಕೊಡುತ್ತಿದ್ದರು. ಈ ಸಲ ಪರೀಕ್ಷೆಗೆ ಪತ್ರ ಬೇಕು ಎಂದಳೇ ಹೊರತು ಯಾಕೆ, ಹೇಗೆ ಎಂದು ಬಿಡಿಸಿ ಹೇಳಲಿಲ್ಲ. ಅವರು ಹಳೆಯ ಪತ್ರಕ್ಕೆ ಒಂದು ಸಾಲು ಸೇರಿಸಿ ಸಹಿ ಹಾಕಿದರು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡರು, ಪಾಪ.

ಮರುದಿನ ಬೆಳಿಗ್ಗೆ ನಾನು ರಜೆ ಹಾಕಿ ಅವಳನ್ನು ಎಳೆದುಕೊಂಡೇ ಹೋದೆ. ಡಾಕ್ಟರು ವಯಸ್ಸಾದವರು, ಮೃದು ಮನುಷ್ಯ. ಪತ್ರ ತಿರಸ್ಕಾರವಾಯಿತೆಂದು ಕೇಳಿ ಅವರ ಮುಖ ಸಣ್ಣದಾಯಿತು.

"ಮತ್ತೇನಮ್ಮಾ ಬರೀಲಿ? ನನ್ನ ಔಷಧಿ ಕೆಲ್ಸ ಮಾಡ್ತಿಲ್ಲ ಅಂತ ಬರೀಲಾ? ಸುಳ್ಳು ಬರ್ಯೋಕೆ ನನ್ ಕೈಲಾಗಲ್ಲ."

"ಸುಳ್ಳು ಬೇಡ ಡಾಕ್ಟ್ರೇ" ಎಂದೆ ನಾನು. "ನಿಜ ಬರೀರಿ."

"ನಿಜಾನೇ ಬರ್ದಿದೀನಿ. ಹೋದ ಸಲ ಬಂದಾಗ್ಲೂ ಕೇಳ್ದೆ. ದಿನಕ್ಕೆ ಒಂದೋ ಎರಡೋ ಸಲ ಅಂದ್ರು, ರಕ್ತ ಇಲ್ಲ ಅಂದ್ರು. ಅಲ್ವೇನಮ್ಮಾ?"

ನಾನು ತಂಗಿಯ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು. ಡಾಕ್ಟರಿಗೂ ಸುಳ್ಳು ಹೇಳಿಕೊಂಡು ಬಂದಿದ್ದಾಳೆ! ಔಷಧಿ ಕೊಡುವವರಿಗೇ! ಎದ್ದು ಎರಡು ಬಾರಿಸಿಬಿಡೋಣ ಅನ್ನಿಸಿತು. ಆದರೆ ಅವಳು ಮಡಿಲಲ್ಲಿದ್ದ ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು. ನಾನು ತುಟಿ ಕಚ್ಚಿಕೊಂಡು ಕೂತೆ.

ಹೊರಗೆ ಮುಂದಿನ ರೋಗಿ ಕೆಮ್ಮುತ್ತಿದ್ದರು. ಕೊನೆಗೆ ಪಾಪಚ್ಚಿ ಬಾಯಿಬಿಟ್ಟಳು.

"ಇಲ್ಲ ಡಾಕ್ಟ್ರೇ. ಒಂದೆರಡು ಸಲ ಅಲ್ಲ. ಕೆಟ್ಟ ದಿನ ಹತ್ತು ದಾಟತ್ತೆ. ರಕ್ತಾನೂ ಹೋಗತ್ತೆ. ಬಸ್ಸಲ್ಲಿ ಒಂದ್ಸಲ... ಒಂದ್ಸಲ ತಡ್ಕೊಳ್ಳೋಕೆ ಆಗ್ದೆ ಬಟ್ಟೇಲೇ ಆಗೋಯ್ತು. ಅವತ್ತಿಂದ ಬ್ಯಾಗಲ್ಲಿ ಯಾವಾಗ್ಲೂ ಇನ್ನೊಂದು ಜೊತೆ ಬಟ್ಟೆ ಇಟ್ಕೊಂಡಿರ್ತೀನಿ."

"ಯಾಕಮ್ಮಾ ನಂಗೆ ಹೇಳ್ಲಿಲ್ಲ?"

"ನೀವು 'ಹತೋಟಿಗೆ ಬಂತು ನೋಡಿ' ಅಂತ ಖುಷಿ ಪಡ್ತಿದ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಬಟ್ಟೆಯ ಕಥೆ ನನಗೂ ಗೊತ್ತಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. ಗದರಲಿಲ್ಲ. ಔಷಧಿ ಬದಲಿಸಿದರು. ಆಮೇಲೆ ಹೇಳಿದರು:

"ಪತ್ರ ಬರೀತೀನಿ, ಸರಿಯಾಗೇ ಬರೀತೀನಿ. ಆದ್ರೆ ಮೊನ್ನೆ ತನಕ ಚೆನ್ನಾಗಿದಾರೆ ಅಂದೋನು ಇವತ್ತು ಚೆನ್ನಾಗಿಲ್ಲ ಅಂದ್ರೆ ಯಾರು ನಂಬ್ತಾರೆ? ಕರುಳಲ್ಲಿ ಈಗ ಉರಿಯೂತ ಎಷ್ಟಿದೆ ಅಂತ ತೋರ್ಸೋ ರಿಪೋರ್ಟ್ ಜೊತೇಲಿರ್ಬೇಕು. ಮಲದ ಪರೀಕ್ಷೆ ಮಾಡ್ಸಿ. ಬೇಗ ಸಿಗೋದು ನಿಮ್ಮ ಲ್ಯಾಬಲ್ಲೇ. ಹೊರಗೆ ಕಳ್ಸಿದ್ರೆ ಗಡುವು ಮೀರತ್ತೆ."

ಪಾಪಚ್ಚಿಯ ಮುಖ ನೋಡಬೇಕಿತ್ತು. ರಕ್ತವೇ ಇಳಿದುಹೋಯಿತು.

ದಾರಿಯುದ್ದಕ್ಕೂ ಅವಳದು ಒಂದೇ ಹಟ. ಆಗುವುದಿಲ್ಲ. ಕೌಂಟರಿಗೇ ಹೋಗುತ್ತೇನೆ. ಚೀಟಿ ಅಂಟಿಸುತ್ತೇನೆ. ನನ್ನ ಡಬ್ಬಿ ನನ್ನ ಜೊತೆ ಕೆಲಸ ಮಾಡುವವರ ಮೇಜಿನ ಮೇಲೆ ಬರುವುದೆಂದರೇನು?

"ನನ್ನ ಹೆಸರಲ್ಲಿ ಕೊಡು" ಎಂದುಬಿಟ್ಟೆ ನಾನು.

ಅವಳು ರಸ್ತೆಯ ನಡುವೆಯೇ ನಿಂತಳು. "ನಿನ್ ಹೆಸರಿನ ರಿಪೋರ್ಟ್ ಇಟ್ಕೊಂಡು ನಾನೇನ್ ಮಾಡ್ಲಿ? ಅದೂ ಅಲ್ದೆ, ಲ್ಯಾಬಲ್ಲಿ ಹೆಸರು ಬದಲಾಯ್ಸಿ ಸ್ಯಾಂಪಲ್ ಕೊಡೋದಾ? ನಾನಾ?"

ಹೆದರಿಕೆಯ ನಡುವೆಯೂ ಆ ಒಂದು ಮಾತಿನಲ್ಲಿ ಅವಳ ದನಿ ಕಡ್ಡಿ ಮುರಿದ ಹಾಗೆ ಇತ್ತು. ತಮಾಷೆಗೆ ಹೇಳಿದೆ ಎಂದು ನಾನು ತೇಲಿಸಿದೆ. ತಮಾಷೆಗೆ ಹೇಳಿರಲಿಲ್ಲ.

ಮಾರನೆಯ ದಿನ ಏನಾಯಿತೆಂದು ಅವಳೇ ಆಮೇಲೆ ಹೇಳಿದ್ದು. ಬೇಗ ಹೋಗಿ ಡಬ್ಬಿಗೆ ತನ್ನ ಹೆಸರಿನ ಚೀಟಿ ಅಂಟಿಸಿ ಟ್ರೇಯಲ್ಲಿ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಆ ದಿನ ಆ ಪರೀಕ್ಷೆಯ ಮೇಜಿನಲ್ಲಿದ್ದವರು ಹಿರಿಯ ಟೆಕ್ನಿಷಿಯನ್, ಎಲ್ಲರೂ ಯಜಮಾನರು ಎಂದು ಕರೆಯುವ ಗುಮ್ಮನಂಥ ಮನುಷ್ಯ. ಅವರು ಡಬ್ಬಿ ಎತ್ತಿ ಹೆಸರು ಓದಿದರು. ಇವಳು ಎದುರು ಮೇಜಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಏನನ್ನೂ ನೋಡದೆ ಕೂತಿದ್ದಳು. ಯಜಮಾನರು ಬೇರೆಲ್ಲ ಡಬ್ಬಿಗಳ ಹಾಗೆಯೇ ಅದನ್ನೂ ಬಿಚ್ಚಿ ಕೆಲಸ ಮುಗಿಸಿದರು. ಮಧ್ಯಾಹ್ನ ರಿಪೋರ್ಟನ್ನು ಮುದ್ರಿಸಿ, ಮಡಚಿ, ಲಕೋಟೆಯಲ್ಲಿ ಹಾಕಿ ಅವಳ ಕೈಗೇ ಕೊಟ್ಟರು. ಉರಿಯೂತದ ಅಂಕಿ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಂದಿತ್ತು.

"ಇಷ್ಟು ಇಟ್ಕೊಂಡು ನೀವು ಕೆಲ್ಸಕ್ಕೆ ಬರ್ತಿದೀರಾ?" ಎಂದರು ಮೆಲ್ಲಗೆ. "ನಾವೆಲ್ಲಾ ಏನೇನೋ ಮಾತಾಡ್ಕೊಂಡ್ವಲ್ಲಮ್ಮಾ." ಇಷ್ಟು ಹೇಳಿ ತಮ್ಮ ಜಾಗಕ್ಕೆ ಹೋಗಿಬಿಟ್ಟರು. ಅವಳು ಲಕೋಟೆ ಹಿಡಿದುಕೊಂಡು ಸ್ಟೋರ್ ರೂಮಿಗೆ ಹೋಗಿ ಅತ್ತಳಂತೆ.

ಈ ಸಲ ಡಾಕ್ಟರ ಪತ್ರದಲ್ಲಿ ಎಲ್ಲವೂ ಇತ್ತು. ಕಾಯಿಲೆ ಯಾವಾಗಿನಿಂದ, ಈಗ ಎಷ್ಟು ಕೆರಳಿದೆ, ರಿಪೋರ್ಟಿನ ಅಂಕಿ, ಮುನ್ಸೂಚನೆಯಿಲ್ಲದೆ ಶೌಚಕ್ಕೆ ಹೋಗಬೇಕಾಗುತ್ತದೆ, ತಡೆದುಕೊಳ್ಳಲಾಗದು. ಒಂದು ವಿಷಯವನ್ನು ನಾನೇ ಅವರ ಬಳಿ ಚರ್ಚಿಸಿದ್ದೆ. ಇವಳಿಗೆ ಬೇಕಾದದ್ದು ಹೆಚ್ಚಿನ ಸಮಯವಲ್ಲ. ಓದುವುದರಲ್ಲಿ, ಯೋಚಿಸುವುದರಲ್ಲಿ ಇವಳು ನಿಧಾನವಲ್ಲ. ಹೊರಗೆ ಹೋದಾಗ ಗಡಿಯಾರ ನಿಲ್ಲಬೇಕು, ಬಂದು ಕೂತಾಗ ಮತ್ತೆ ಓಡಬೇಕು. ಬಾಗಿಲ ಹತ್ತಿರದ ಸೀಟು ಬೇಕು. ಅಷ್ಟೇ. ಡಾಕ್ಟರು ಅದನ್ನೇ, ಕಾರಣ ಸಹಿತ, ಬರೆದರು. ಗಡುವಿಗೆ ಮೊದಲೇ ಕಳಿಸಿದೆವು.

ಕೆಲವು ವಾರ ಕಾದು ಕಾದು ಸಾಕಾಯಿತು. ಕೊನೆಗೆ ಒಪ್ಪಿಗೆ ಬಂತು. ಗಡಿಯಾರ ನಿಲ್ಲಿಸಿ ಬಿಡುವು, ಅದಕ್ಕೊಂದು ಒಟ್ಟು ಮಿತಿ, ಬಾಗಿಲ ಬಳಿ ಸೀಟು. ದಿನವನ್ನು ಎಲ್ಲರ ಹಾಗೆ ಆನ್‌ಲೈನಿನಲ್ಲಿ ಗೊತ್ತುಮಾಡಬೇಡಿ, ಈ ನಂಬರಿಗೆ ಫೋನ್ ಮಾಡಿ, ಇಲ್ಲದಿದ್ದರೆ ವ್ಯವಸ್ಥೆ ಸೇರುವುದಿಲ್ಲ ಎಂದಿತ್ತು. ಹಾಗೇ ಮಾಡಿದಳು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ನನಗೆ ಯಾರ ಮೇಲೂ ನಂಬಿಕೆಯಿಲ್ಲ.

ಪರೀಕ್ಷೆಯ ದಿನ ಬೇಗ ಹೋದೆವು. ಕಚೇರಿ ಕಟ್ಟಡವೊಂದರ ಮೂರನೆಯ ಮಹಡಿ. ಗಾಜಿನ ಬಾಗಿಲು, ಒಂದು ಮೇಜು, ಗೋಡೆಗೆ ಒತ್ತಿಕೊಂಡು ಕುರ್ಚಿಗಳು, ಬ್ಯಾಗಿಡಲು ಸಣ್ಣ ಸಣ್ಣ ಲಾಕರುಗಳು. ಏಳೆಂಟು ಜನ ಪರೀಕ್ಷಾರ್ಥಿಗಳು ಮಾತಿಲ್ಲದೆ ಕೂತಿದ್ದರು. ಮೇಜಿನ ಹಿಂದೆ ಮೇಲ್ವಿಚಾರಕಿ, ಕಟ್ಟುನಿಟ್ಟಿನ ಹೆಂಗಸು. ಪಾಪಚ್ಚಿ ಗುರುತಿನ ಚೀಟಿ ಕೊಟ್ಟಳು. ಮೇಲ್ವಿಚಾರಕಿ ಕಂಪ್ಯೂಟರ್ ನೋಡಿ, ನಿಯಮಗಳ ಹಾಳೆ ಮುಂದಿಟ್ಟರು.

"ಓದಿ ಸಹಿ ಹಾಕಿ. ಮಧ್ಯ ಹೊರಗೆ ಹೋದ್ರೆ ಟೈಮ್ ನಿಲ್ಲಲ್ಲ, ಗೊತ್ತಲ್ಲ?"

ನಾನು ತಂಗಿಯ ಮುಖ ನೋಡಿದೆ.

"ಮೇಡಂ, ನಂಗೆ ಬಿಡುವಿನ ವ್ಯವಸ್ಥೆ ಒಪ್ಪಿದಾರೆ" ಎಂದು ಪಾಪಚ್ಚಿ ಒಪ್ಪಿಗೆ ಪತ್ರ ತೋರಿಸಿದಳು.

ಅವರು ಪತ್ರ ನೋಡಿದರು, ಕಂಪ್ಯೂಟರ್ ನೋಡಿದರು. "ನನ್ ಸ್ಕ್ರೀನಲ್ಲಿ ಏನೂ ತೋರಿಸ್ತಿಲ್ಲ. ಮಾಮೂಲಿ ಪರೀಕ್ಷೆ ಅಂತಲೇ ಇದೆ. ಸ್ಕ್ರೀನಲ್ಲಿ ಇಲ್ದೇ ಇರೋದನ್ನ ನಾನು ಕೊಡೋಕಾಗಲ್ಲ."

"ಫೋನಲ್ಲೇ ಬುಕ್ ಮಾಡಿದ್ದು ಮೇಡಂ. ಸೇರ್ಸಿದೀವಿ ಅಂದ್ರು."

"ಒಂದ್ ಕೆಲ್ಸ ಮಾಡಿ. ಈಗ ಬರ್ಯೋಕೆ ಕೂತ್ಕೊಳ್ಳಿ, ಆಮೇಲೆ ದೂರು ಕೊಡಿ. ತಡವಾದ್ರೆ ಗೈರುಹಾಜರಿ ಆಗತ್ತೆ, ಫೀಸೂ ಹೋಗತ್ತೆ, ಅವಕಾಶಾನೂ ಹೋಗತ್ತೆ."

ಆಕೆ ಕೆಟ್ಟದ್ದು ಮಾಡಬೇಕೆಂದು ಹೇಳಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು: ಒಪ್ಪಿದ ವ್ಯವಸ್ಥೆ ಇಲ್ಲದಿದ್ದರೆ ಪರೀಕ್ಷೆ ಶುರು ಮಾಡಬೇಡಿ, ಶುರು ಮಾಡಿದರೆ ಇದ್ದ ಹಾಗೇ ಒಪ್ಪಿಕೊಂಡಂತೆ. ನಾನು ತೋಳೇರಿಸಿ ಮುಂದೆ ಬಂದೆ. ಬಾಯಿ ತೆರೆದಿದ್ದೆ.

"ಅಕ್ಕಾ, ಸುಮ್ನಿರು" ಎಂದಳು ಪಾಪಚ್ಚಿ. "ನಾನೇ ಹೇಳ್ತೀನಿ."

ಅವಳ ಹಣೆಯ ಮೇಲೆ ಬೆವರಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಹೊಟ್ಟೆ ಹಿಂಡಲು ಶುರುವಾಗಿದೆ ಎಂದು ನನಗೆ ಗೊತ್ತಾಯಿತು.

"ಮೇಡಂ, ನಂಗೆ ಕರುಳಿನ ಕಾಯಿಲೆ ಇದೆ. ಇದ್ದಕ್ಕಿದ್ದ ಹಾಗೆ ಟಾಯ್ಲೆಟ್ಟಿಗೆ ಓಡ್ಬೇಕಾಗತ್ತೆ, ತಡ್ಕೊಳ್ಳೋಕಾಗಲ್ಲ. ಹೋದ ಸಲ ಹಾಗೆ ಓಡಿ ಓಡಿ ಅರ್ಧ ಪರೀಕ್ಷೆ ಟಾಯ್ಲೆಟ್ಟಲ್ಲೇ ಕಳೀತು. ಅದಕ್ಕೇ ಕೇಳ್ಕೊಂಡಿದ್ದು, ಅದಕ್ಕೇ ಕೊಟ್ಟಿದ್ದು. ಅದಿಲ್ದೆ ನಾನು ಶುರು ಮಾಡಲ್ಲ. ಎದ್ದೂ ಹೋಗಲ್ಲ. ನಾನು ಟೈಮಿಗೆ ಬಂದಿದೀನಿ ಅಂತ ಬರ್ಕೊಂಡು, ನಿಮ್ಮ ಮೇಲಿನವ್ರಿಗೆ ಫೋನ್ ಮಾಡಿ."

ಕುರ್ಚಿಗಳ ಮೇಲಿದ್ದವರೆಲ್ಲ ಕತ್ತೆತ್ತಿ ನೋಡಿದರು. ಇಷ್ಟು ವರ್ಷ ಒಬ್ಬರಿಗೂ ಗೊತ್ತಾಗಬಾರದೆಂದು ಜೀವ ಹಿಡಿದುಕೊಂಡಿದ್ದ ಮಾತನ್ನು ಮುಖ ಪರಿಚಯವಿಲ್ಲದವರೆದುರು ನಿಂತು, ದನಿ ತಗ್ಗಿಸದೆ ಹೇಳಿದಳು. ನನಗೆ ಅವಳ ಮೇಲೆ ಎಂಥ ಹೆಮ್ಮೆ ಬಂತೆಂದರೆ, ಅಲ್ಲೇ ಕೂಗಬೇಕೆನಿಸಿತು.

ಮೇಲ್ವಿಚಾರಕಿ ಫೋನ್ ಎತ್ತಿದರು. ಆ ಕಡೆಯಿಂದ ಕಾಯಿರಿ ಎಂದರು. ಕಾದರು. ಪಾಪಚ್ಚಿ ಶೌಚಾಲಯ ಎಲ್ಲಿ ಎಂದು ಕೇಳಿಕೊಂಡು ಹೋದಳು. ಉಳಿದ ಪರೀಕ್ಷಾರ್ಥಿಗಳು ಒಬ್ಬೊಬ್ಬರಾಗಿ ಜೇಬು ತೋರಿಸಿ ಒಳಗೆ ಹೋದರು. ಗೋಡೆಯ ಗಡಿಯಾರ ಅವಳ ಸಮಯ ದಾಟಿತು. ಮೇಲ್ವಿಚಾರಕಿ ಫೋನನ್ನು ಭುಜಕ್ಕೆ ಒತ್ತಿಕೊಂಡು ಹೆಸರು, ನಂಬರು ಹೇಳಿದರು, ಮತ್ತೆ ಹೇಳಿದರು. ಇನ್ನು ಸ್ವಲ್ಪ ತಡವಾದರೆ ಗೈರುಹಾಜರಿ. ಪಾಪಚ್ಚಿ ವಾಪಸು ಬಂದು ಮೇಜಿನೆದುರು ನಿಂತಳು. ಕೂರಲಿಲ್ಲ.

"ಹೌದಾ? ಬೇರೆ ಕಡತದಲ್ಲಾ?" ಎಂದರು ಮೇಲ್ವಿಚಾರಕಿ ಫೋನಿಗೆ. ಮೌಸ್ ಸರಿಸಿದರು, ಒತ್ತಿದರು, ಸ್ಕ್ರೀನಿಗೆ ಮುಖ ಹತ್ತಿರ ತಂದರು. "ಇದೆ. ಬಂತು." ಫೋನ್ ಇಟ್ಟು ಪಾಪಚ್ಚಿಯನ್ನು ನೋಡಿದರು. "ಸಾರಿ ಮೇಡಂ. ಇಲ್ಲಿ ಖಾಯಂ ಇರೋರು ರಜೆ. ನಾನು ಇನ್ನೊಂದು ಕೇಂದ್ರದಿಂದ ಬಂದಿದೀನಿ. ವಿಶೇಷ ವ್ಯವಸ್ಥೆದು ಬೇರೆ ಜಾಗದಲ್ಲಿ ತೆಗೀಬೇಕಿತ್ತಂತೆ. ನಿಮ್ಮ ಪೂರ್ತಿ ಸಮಯ ನಿಮಗೆ ಸಿಗತ್ತೆ. ಬನ್ನಿ, ಬಾಗಿಲ ಪಕ್ಕದ್ದೇ ಸೀಟು."

ಪಾಪಚ್ಚಿ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಒಳಗೆ ಹೋದಳು. ನನ್ನನ್ನು ಹೊರಗೆ ಕಳಿಸಿದರು.

ಕೆಳಗೆ ಮೆಟ್ಟಿಲ ಮೇಲೆ ಕೂತೆ. ಕಾಫಿ ತಂದುಕೊಂಡೆ, ಪೂರ್ತಿ ಕುಡಿಯಲಿಲ್ಲ. ಅವಳ ಗಂಡ ಬೇಕರಿಯಿಂದ ಫೋನ್ ಮಾಡಿದರು. ಮಾತು ಕಡಿಮೆಯ ಮನುಷ್ಯ. "ಶುರುವಾಯ್ತಾ?" ಎಂದರು. ಆಯಿತು ಎಂದೆ. "ಸರಿ" ಎಂದು ಇಟ್ಟರು. ಅರ್ಧ ಗಂಟೆಗೊಮ್ಮೆ ಮಾಡುತ್ತಲೇ ಇದ್ದರು, ಪ್ರತಿಸಲವೂ "ಬಂದ್ಳಾ?" ಅಷ್ಟೇ. ಉಳಿದ ಪರೀಕ್ಷಾರ್ಥಿಗಳು ಒಬ್ಬೊಬ್ಬರೇ ಇಳಿದು ಹೋದರು. ಇವಳ ಸುಳಿವಿಲ್ಲ. ಒಳಗೆ ಏನಾಗಿದೆಯೋ, ಬಿಡುವಿನ ಮಿತಿ ಮುಗಿಯಿತೋ, ಕೊನೆಯ ಪ್ರಶ್ನೆಗಳು ಮತ್ತೆ ಉಳಿದುಹೋದವೋ ಎಂದು ನನ್ನ ತಲೆ ಬೇಡದ್ದನ್ನೆಲ್ಲ ಯೋಚಿಸುತ್ತಿತ್ತು. ಬೇಡ, ನನ್ನಂಥ ಜೋರು ಬಾಯಿಯವಳು ಕಾಯುವ ಕೆಲಸಕ್ಕೆ ಹುಟ್ಟಿದವಳಲ್ಲ.

ಕೊನೆಗೆ ಲಿಫ್ಟಿನ ಬಾಗಿಲು ತೆರೆಯಿತು. ಅವಳು ಅಳುತ್ತಾ ಬರುತ್ತಿದ್ದಳು. ಕಣ್ಣು, ಮೂಗು ಎಲ್ಲ ಕೆಂಪು. ಹೋಯಿತು ಎಂದುಕೊಂಡೆ. ಎಲ್ಲವೂ ಹೋಯಿತು. ಓಡಿ ಹೋಗಿ ಭುಜ ಹಿಡಿದುಕೊಂಡೆ.

"ಹೋಗ್ಲಿ ಬಿಡೇ. ಹೋಗ್ಲಿ. ಕೌಂಟರಾದ್ರೇನು..."

"ಪಾಸಾಯ್ತಕ್ಕ."

"ಆಂ?"

"ಸ್ಕ್ರೀನಲ್ಲೇ ಬಂತು. ಪಾಸು."

"ಮತ್ಯಾಕೇ ಅಳ್ತಿದೀಯಾ, ಪ್ರಾಣ ತೆಗೆದ್ಯಲ್ಲೇ!"

ಅವಳು ಬಿಕ್ಕುತ್ತಾ ಮೆಟ್ಟಿಲ ಮೇಲೆ ಕೂತಳು. ನಾನೂ ಕೂತೆ. ಆಮೇಲೆ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು.

"ಎರಡು ಸಲ ಎದ್ದು ಹೋದೆ. ವಾಪಸ್ ಬಂದ್ರೆ ಟೈಮು ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತ್ತು. ಎಲ್ಲಾ ಪ್ರಶ್ನೆ ಮುಗ್ಸಿದ್ ಮೇಲೂ ಟೈಮ್ ಉಳೀತು. ಕೊನೇಲಿ ಬರೋ ಪ್ರಶ್ನೆಗಳು ತುಂಬಾ ಕಷ್ಟ ಇರತ್ತೆ ಅಂತ ಅಂದ್ಕೊಂಡಿದ್ದೆ. ಏನೂ ಕಷ್ಟ ಇರ್ಲಿಲ್ಲಕ್ಕ. ದಿನಾ ನಾನು ಮಾಡೋ ಕೆಲ್ಸಾನೇ. ಹೋದ ಸಲಾನೂ ನಂಗೆ ಬರ್ತಿತ್ತು. ಎಲ್ಲಾ ಬರ್ತಿತ್ತು. ಇಷ್ಟು ದಿನ ಸುಮ್ಸುಮ್ನೆ ನನ್ನನ್ನ ನಾನೇ ದಡ್ಡಿ ಅಂದ್ಕೊಂಡೆ."

ತಲೆ ಇಲ್ಲ ಎಂದು ಇವಳು ಹೇಳುತ್ತಿದ್ದ ಒಂದೊಂದು ಸಂಜೆಯೂ ಕಣ್ಣಮುಂದೆ ಬಂತು. ಅದನ್ನು ಯಾವ ಮಂಡಳಿಯೂ ವಾಪಸು ಕೊಡುವುದಿಲ್ಲ. ನನಗೂ ಅಳು ಬಂತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಅತ್ತೆವು. ನನ್ನ ಕೈಯಲ್ಲಿದ್ದ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಮತ್ತೆ ಬೇಕರಿಯಿಂದ. ಎತ್ತಿ ಅವಳ ಕೈಗೆ ಕೊಟ್ಟು, "ತಗೋ, ನೀನೇ ಹೇಳು" ಎಂದೆ.